ಸಂತೆಯ ಚೀಲ ವಾರವಿಡೀ ಬಾಳಲು: ಏನು ತೊಳೆಯಬೇಕು, ಏನು ಫ್ರಿಜ್‌ಗೆ, ಏನು ಬುಟ್ಟಿಗೆ

"ಫ್ರಿಜ್‌ನಲ್ಲಿಟ್ಟರೂ ಕೊತ್ತಂಬರಿ ಸೊಪ್ಪು ಮೂರನೇ ದಿನಕ್ಕೆ ಲೋಳೆಯಾಗುತ್ತದೆ, ಯಾಕೆ?" ಮಳೆಗಾಲ ಶುರುವಾಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಅದರ ಬೆನ್ನಿಗೇ ಇನ್ನೆರಡು. ತಂದ ತಕ್ಷಣ ಎಲ್ಲವನ್ನೂ ತೊಳೆದಿಡಬೇಕಾ? ಆಲೂಗಡ್ಡೆ, ಟೊಮೆಟೊ ಫ್ರಿಜ್‌ಗೆ ಹಾಕಬಹುದಾ? ಒಬ್ಬೊಬ್ಬರಿಗೇ ಉತ್ತರ ಬರೆಯುವುದಕ್ಕಿಂತ ಒಂದೇ ಕಡೆ ಬರೆದಿಡುತ್ತೇನೆ.

ಉದಾಹರಣೆಗೆ ಆಗಸ್ಟ್ ತಿಂಗಳ ಒಂದು ಚೀಲ ತೆಗೆದುಕೊಳ್ಳೋಣ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಿಂದ ನಾಲ್ಕು ಜನರ ಮನೆಗೆ ಒಂದು ವಾರಕ್ಕೆ ಬರುವ ಚೀಲ ಅಂದುಕೊಳ್ಳಿ. ಅದರಲ್ಲಿ ಎರಡು ಕಟ್ಟು ಕೊತ್ತಂಬರಿ, ಒಂದು ಕಟ್ಟು ದಂಟಿನ ಸೊಪ್ಪು, 1 ಕೆಜಿ ಟೊಮೆಟೊ, ಅರ್ಧರ್ಧ ಕೆಜಿ ಬೀನ್ಸ್ ಮತ್ತು ಬದನೆಕಾಯಿ, ಕಾಲು ಕೆಜಿ ಹಸಿಮೆಣಸಿನಕಾಯಿ, 2 ಕೆಜಿ ಆಲೂಗಡ್ಡೆ, 2 ಕೆಜಿ ಈರುಳ್ಳಿ, ಒಂದು ಚಿಪ್ಪು ಬಾಳೆಹಣ್ಣು, ಎರಡು ಬೆಣ್ಣೆಹಣ್ಣು ಇವೆ. ಹೊರಗೆ ಜಡಿಮಳೆ. ಚೀಲದ ತಳ ಒದ್ದೆ.

ಬೇಕಾಗುವ ಸಾಮಾನು ಎಲ್ಲರ ಮನೆಯಲ್ಲೂ ಇರುವಂಥದ್ದೇ. ಹಳೆಯ ಹತ್ತಿ ಪಂಚೆ ಅಥವಾ ಸೀರೆಯ ನಾಲ್ಕೈದು ತುಂಡು, ಮುಚ್ಚಳವಿರುವ ಎರಡು ಅಗಲದ ಡಬ್ಬಿ, ಗಾಳಿಯಾಡುವ ಎರಡು ಬುಟ್ಟಿ, ಒಂದು ಅಗಲ ಬಾಯಿಯ ಪಾತ್ರೆ. ಹಳೆಯ ದಿನಪತ್ರಿಕೆ ಬೇಡ. ಅದರ ಮಸಿ ಒದ್ದೆ ಸೊಪ್ಪಿಗೆ ಅಂಟುತ್ತದೆ. ತಿನ್ನುವ ಪದಾರ್ಥವನ್ನು ಪತ್ರಿಕೆಯಲ್ಲಿ ಸುತ್ತಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳಿದೆ.

1. ಚೀಲ ಬಿಚ್ಚಿ, ಕಟ್ಟು ಬಿಚ್ಚಿ

ಮನೆಗೆ ಬಂದ ಅರ್ಧ ಗಂಟೆಯೊಳಗೆ ಎಲ್ಲವನ್ನೂ ಕವರಿನಿಂದ ಹೊರಗೆ ತೆಗೆಯಿರಿ. ತರಕಾರಿ ಕಿತ್ತ ಮೇಲೂ ಉಸಿರಾಡುತ್ತಲೇ ಇರುತ್ತದೆ. ಉಸಿರಾಡಿದಾಗ ಶಾಖವೂ ತೇವವೂ ಹೊರಬರುತ್ತವೆ. ಗಂಟು ಹಾಕಿದ ಪ್ಲಾಸ್ಟಿಕ್ ಕವರಿನ ಒಳಗೆ ಹನಿ ಕಟ್ಟಿರುವುದನ್ನು ನೋಡಿರುತ್ತೀರಿ. ಕೊಳೆಯುವುದು ಶುರುವಾಗುವುದೇ ಆ ಹನಿಯಿಂದ.

ಸೊಪ್ಪಿನ ಕಟ್ಟಿನ ದಾರ ಅಥವಾ ಬಾಳೆನಾರು ಬಿಚ್ಚಿ ಹಾಕಿ. ಕಟ್ಟಿನ ನಡುವೆ ಕೈಯಿಟ್ಟು ನೋಡಿ, ಹೊರಗಿನ ಎಲೆ ತಣ್ಣಗಿದ್ದರೂ ಒಳಗೆ ಬೆಚ್ಚಗಿರುತ್ತದೆ. ಹಳದಿ ಎಲೆ, ಜಜ್ಜಿದ ಎಲೆ, ಆಗಲೇ ಕಪ್ಪಾದ ಎಲೆ ಇವನ್ನೆಲ್ಲ ಆರಿಸಿ ತೆಗೆಯಿರಿ. ಇಲ್ಲಿ ಜಿಪುಣತನ ಮಾಡಬೇಡಿ. ಒಂದು ಕೊಳೆತ ಎಲೆ ಉಳಿದರೂ ಪಕ್ಕದ ಹತ್ತು ಎಲೆ ಹೋಗುತ್ತವೆ.

ಹಾಗೆಯೇ ಒಡೆದ ಟೊಮೆಟೊ, ತೂತು ಬಿದ್ದ ಬದನೆ, ಹಾರೆ ಏಟು ಬಿದ್ದ ಆಲೂಗಡ್ಡೆಯನ್ನು ಬೇರೆ ತಟ್ಟೆಗೆ ಹಾಕಿ. ಮಳೆಗಾಲದಲ್ಲಿ ಟೊಮೆಟೊ ತೊಟ್ಟಿನ ಸುತ್ತ ಬಿರುಕು ಬಿಡುವುದು ಜಾಸ್ತಿ. ಇವೆಲ್ಲ ಇವತ್ತಿನ, ನಾಳೆಯ ಅಡುಗೆಗೆ.

2. ಈಗಲೇ ತೊಳೆಯಬೇಕಾ?

ಬಹುತೇಕ ಎಲ್ಲದಕ್ಕೂ ಉತ್ತರ ಬೇಡ ಎಂದೇ. ಬಳಸುವ ಹೊತ್ತಿಗೆ ತೊಳೆದರೆ ಸಾಕು. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಬೆಂಡೆಕಾಯಿ, ದ್ರಾಕ್ಷಿ ಇವನ್ನಂತೂ ತೊಳೆದು ಇಡಲೇಬೇಡಿ. ಮಣ್ಣು ಹೆಚ್ಚಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಅಷ್ಟೇ.

ಸೊಪ್ಪಿನ ವಿಷಯ ಮಾತ್ರ ಸ್ವಲ್ಪ ಬೇರೆ. ಮಾರುವವರು ಬಾಡದಿರಲಿ ಎಂದು ನೀರು ಚಿಮುಕಿಸುತ್ತಲೇ ಇರುತ್ತಾರೆ, ಮೇಲಿಂದ ಮಳೆ ಬೇರೆ. ಅಂದರೆ ನೀವು ತೊಳೆಯದಿದ್ದರೂ ಅದು ಒದ್ದೆಯಾಗಿಯೇ ಮನೆಗೆ ಬರುತ್ತದೆ. ಹಾಗಾಗಿ ತೊಳೆಯುವುದೋ ಬಿಡುವುದೋ ಎನ್ನುವುದು ನಿಜವಾದ ಪ್ರಶ್ನೆಯಲ್ಲ. ಒಳಗೆ ಇಡುವಾಗ ಎಲೆಯ ಮೇಲೆ ನೀರಿದೆಯೋ ಇಲ್ಲವೋ ಎನ್ನುವುದೇ ಪ್ರಶ್ನೆ. ಸೊಪ್ಪಿಗೆ ತೇವ ಬೇಕು, ನೀರು ಬೇಡ. ಸುತ್ತಲಿನ ಗಾಳಿಯಲ್ಲಿ ತೇವ ಇಲ್ಲದಿದ್ದರೆ ಎಲೆ ಬಾಡುತ್ತದೆ. ಎಲೆಯ ಮೇಲೆ ನೀರು ನಿಂತರೆ ಬ್ಯಾಕ್ಟೀರಿಯಾ ಬೆಳೆದು ಲೋಳೆ ಕಟ್ಟುತ್ತದೆ. ಎರಡೂ ಹಾಳೇ, ಆದರೆ ಬಾಡಿದ್ದನ್ನು ತಣ್ಣೀರಿನಲ್ಲಿ ಕಾಲು ಗಂಟೆ ಇಟ್ಟು ಎಬ್ಬಿಸಬಹುದು. ಲೋಳೆಯಾದದ್ದನ್ನು ಯಾರೂ ಎಬ್ಬಿಸಲಾರರು.

ಇದನ್ನು ಒಮ್ಮೆ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿದ್ದೆ. ಒಂದೇ ಕಟ್ಟು ಕೊತ್ತಂಬರಿಯನ್ನು ಮೂರು ಪಾಲು ಮಾಡಿದೆ. ಮೊದಲನೆಯದನ್ನು ತಂದ ಕವರಿನಲ್ಲೇ ಫ್ರಿಜ್‌ಗೆ ಹಾಕಿದೆ, ಮೂರನೇ ದಿನ ವಾಸನೆ ಬಂತು. ಎರಡನೆಯದನ್ನು ತೊಳೆದು, ಕೊಡವಿ, ಡಬ್ಬಿಗೆ ಹಾಕಿದೆ. ಐದನೇ ದಿನ ತಳದಲ್ಲಿದ್ದದ್ದು ಕಪ್ಪಾಗಿತ್ತು. ಮೂರನೆಯದನ್ನು ಆರಿಸಿ, ಪೂರ್ತಿ ಆರಲು ಬಿಟ್ಟು, ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟೆ. ಹತ್ತನೇ ದಿನವೂ ಸಾರಿಗೆ ಉದುರಿಸುವಷ್ಟು ಚೆನ್ನಾಗಿತ್ತು.

3. ಸೊಪ್ಪು ಆರಿಸಿ ಇಡುವುದು

ಈ ಹಂತಕ್ಕೆ ಸ್ವಲ್ಪ ಸಮಯ ಕೊಡಿ, ಚೀಲದಲ್ಲಿ ಮೊದಲು ಹಾಳಾಗುವುದು ಇದೇ ತಾನೆ.

ಕೊತ್ತಂಬರಿಯ ಬೇರನ್ನು ಮಣ್ಣಿನ ಸಮೇತ ಕತ್ತರಿಸಿ ತೆಗೆಯಿರಿ. ದಂಟನ್ನು ಹಾಗೇ ಬಿಡಿ. ಸಣ್ಣಗೆ ಹೆಚ್ಚಿ ಇಡಬೇಡಿ, ಕತ್ತರಿಸಿದ ಕಡೆಯಿಂದಲೇ ಕೊಳೆಯುವುದು ಶುರುವಾಗುತ್ತದೆ. ತುಂಬ ಮಣ್ಣಿದ್ದು ತೊಳೆಯಲೇಬೇಕು ಅನಿಸಿದರೆ ಅಗಲ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪನ್ನು ಮುಳುಗಿಸಿ ಅಲ್ಲಾಡಿಸಿ. ಎರಡು ನಿಮಿಷ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಈಗ ಸೊಪ್ಪನ್ನು ಕೈಯಲ್ಲಿ ಮೇಲಕ್ಕೆತ್ತಿ ತೆಗೆಯಿರಿ. ಪಾತ್ರೆಯನ್ನು ಜರಡಿಗೆ ಬಗ್ಗಿಸುವ ತಪ್ಪನ್ನು ಬಹಳ ಜನ ಮಾಡುತ್ತಾರೆ. ಹಾಗೆ ಮಾಡಿದರೆ ತಳಕ್ಕೆ ಕೂತ ಮಣ್ಣೆಲ್ಲ ಮತ್ತೆ ಎಲೆಯ ಮೇಲೇ ಸುರಿಯುತ್ತದೆ. ಹೊಸ ನೀರಿನಲ್ಲಿ ಹೀಗೆ ಎರಡು ಮೂರು ಸಲ ಮಾಡಿ. ಪಾತ್ರೆಯ ತಳವನ್ನು ಬೆರಳಿನಿಂದ ಸವರಿದಾಗ ಮರಳು ಸಿಗದಿದ್ದರೆ ಸಾಕು.

ನಂತರ ಪಂಚೆಯ ತುಂಡಿನ ಮೇಲೆ ತೆಳ್ಳಗೆ ಹರಡಿ. ಬಿಸಿಲು ಬೇಡ, ಫ್ಯಾನ್ ಸಾಕು. ಬೇಸಿಗೆಯಲ್ಲಿ ಅರ್ಧ ಮುಕ್ಕಾಲು ಗಂಟೆಯಲ್ಲಿ ಆರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಸಕಲೇಶಪುರ, ಮೂಡಿಗೆರೆ ಕಡೆ, ಎರಡು ಗಂಟೆಯಾದರೂ ಬೇಕು. ನಡುವೆ ಒಮ್ಮೆ ಮಗುಚಿ ಹಾಕಿ. ಹಾಗಂತ ರಾತ್ರಿಯಿಡೀ ಬಿಡಬೇಡಿ, ಬೆಳಿಗ್ಗೆಗೆ ಹುಲ್ಲಾಗಿರುತ್ತದೆ.

ಆರಿದೆಯಾ ಎಂದು ತಿಳಿಯುವುದು ಹೇಗೆ? ಒಂದು ಹಿಡಿ ಸೊಪ್ಪನ್ನು ಒಣ ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಅದುಮಿ. ಬಟ್ಟೆಯ ಮೇಲೆ ಒದ್ದೆ ಕಲೆ ಬಿದ್ದರೆ ಇನ್ನೂ ಬಿಡಿ. ಎಲೆ ಮೃದುವಾಗಿದ್ದು ಬಟ್ಟೆ ಒಣಗೇ ಇದ್ದರೆ ಇಡುವ ಹೊತ್ತಾಯಿತು.

ಡಬ್ಬಿಯ ತಳಕ್ಕೆ ಎರಡು ಮಡಿಕೆ ಬಟ್ಟೆ ಹಾಸಿ, ಸೊಪ್ಪನ್ನು ಸಡಿಲವಾಗಿ ಹಾಕಿ, ಮೇಲೆ ಇನ್ನೊಂದು ಬಟ್ಟೆ ಮುಚ್ಚಿ ಮುಚ್ಚಳ ಹಾಕಿ. ಮುಚ್ಚಳ ಗಾಳಿಯಲ್ಲಿನ ತೇವವನ್ನು ಉಳಿಸುತ್ತದೆ, ಹೆಚ್ಚಾಗಿ ಹನಿಯಾದ ನೀರನ್ನು ಬಟ್ಟೆ ಹೀರುತ್ತದೆ. ಡಬ್ಬಿಯನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಮೂರನೇ ದಿನ ತೆಗೆದು ನೋಡಿ, ಬಟ್ಟೆ ಒದ್ದೆಯಾಗಿದ್ದರೆ ಬದಲಾಯಿಸಿ. ಕರಿಬೇವಿಗೂ ಇದೇ ಕ್ರಮ, ಎಲೆ ಬಿಡಿಸಿಟ್ಟರೂ ನಡೆಯುತ್ತದೆ.

ದಂಟಿನ ಸೊಪ್ಪು, ಪಾಲಕ್, ಸಬ್ಬಸಿಗೆ ಇವಕ್ಕೆ ಹತ್ತು ದಿನದ ಆಸೆ ಇಟ್ಟುಕೊಳ್ಳಬೇಡಿ. ಎಷ್ಟೇ ಚೆನ್ನಾಗಿ ಇಟ್ಟರೂ ಮೂರು ನಾಲ್ಕು ದಿನದಲ್ಲಿ ಬಳಸುವುದು ಒಳ್ಳೆಯದು. ನಮ್ಮ ಚೀಲದ ದಂಟಿನ ಸೊಪ್ಪು ಎರಡನೇ ದಿನದ ಬಸ್ಸಾರಿಗೆ.

4. ಫ್ರಿಜ್‌ಗೆ ಯಾವುದು, ಎಲ್ಲಿ

ಕೆಳಗಿನ ತರಕಾರಿ ಡ್ರಾಯರ್ ಇರುವುದು ಸುಮ್ನೆ ಅಲ್ಲ. ಅಲ್ಲಿ ತೇವ ಹೆಚ್ಚು ಉಳಿಯುತ್ತದೆ. ಸೊಪ್ಪು, ಬೀನ್ಸ್, ಕ್ಯಾರೆಟ್, ಬೀಟ್ರೂಟ್, ಮೂಲಂಗಿ, ನವಿಲುಕೋಸು, ಎಲೆಕೋಸು, ಹೂಕೋಸು, ಹಸಿಮೆಣಸಿನಕಾಯಿ ಎಲ್ಲ ಅಲ್ಲಿಗೆ. ಹಿಂದಿನ ಗೋಡೆಗೆ ತಾಗಿಸಿ ಇಡಬೇಡಿ, ಅಲ್ಲಿ ಎಲೆ ಹೆಪ್ಪುಗಟ್ಟಿ ಗಾಜಿನಂತೆ ಪಾರದರ್ಶಕವಾಗುತ್ತದೆ. ಕರಗಿದ ಮೇಲೆ ಅದು ಬರೀ ಮುದ್ದೆ.

ಕ್ಯಾರೆಟ್, ಮೂಲಂಗಿ, ಬೀಟ್ರೂಟ್ ತಂದ ಕೂಡಲೇ ಮೇಲಿನ ಎಲೆ ಕತ್ತರಿಸಿ. ಬಿಟ್ಟರೆ ಆ ಎಲೆ ಗೆಡ್ಡೆಯ ನೀರನ್ನೇ ಎಳೆದುಕೊಂಡು ಗೆಡ್ಡೆಯನ್ನು ಬೆಂಡು ಮಾಡುತ್ತದೆ. ಮೂಲಂಗಿ ಎಲೆಯನ್ನು ಎಸೆಯಬೇಡಿ, ಮಾರನೇ ದಿನದ ಪಲ್ಯಕ್ಕಾಗುತ್ತದೆ. ಹಸಿಮೆಣಸಿನಕಾಯಿಯ ತೊಟ್ಟು ತೆಗೆದು, ಒರೆಸಿ, ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟರೆ ಎರಡು ವಾರ ಬರುತ್ತದೆ. ಕೊಳೆ ಮೊದಲು ಕಾಣುವುದು ತೊಟ್ಟಿನ ಬುಡದಲ್ಲೇ.

ಬದನೆ, ಸೌತೆ, ಬೆಂಡೆ ಇವು ಒಂಥರ ನಡುವಿನ ಜಾತಿ. ತಣ್ಣಗಿರಬೇಕು, ತೀರಾ ಚಳಿ ಆಗಬಾರದು. ಸುಮಾರು 10 ಡಿಗ್ರಿಗಿಂತ ಕೆಳಗೆ ಹಲವು ದಿನ ಇಟ್ಟರೆ ಇವಕ್ಕೆ ಚಳಿಪೆಟ್ಟು ಬೀಳುತ್ತದೆ. ಬದನೆಯ ಸಿಪ್ಪೆಯಲ್ಲಿ ಕಂದು ಗುಳಿ ಬಿದ್ದಿದ್ದರೆ, ಒಳಗೆ ಬೀಜ ಕಪ್ಪಗಾಗಿದ್ದರೆ ಅದೇ ಗುರುತು. ಸೌತೆಕಾಯಿಯ ಮೈ ನೀರು ನೀರಾಗಿ ಮೆತ್ತಗಾಗುತ್ತದೆ. ಎಷ್ಟೋ ಜನ ಹಳೇ ಮಾಲು ಕೊಟ್ಟ ಎಂದು ಅಂಗಡಿಯವನನ್ನು ಬೈಯುತ್ತಾರೆ, ತಪ್ಪು ಫ್ರಿಜ್‌ನದ್ದಾಗಿರುತ್ತದೆ. ಹಾಸನದ ಆಗಸ್ಟ್ ಹವೆಯಲ್ಲಿ ಬದನೆ ಹೊರಗೇ ಎರಡು ಮೂರು ದಿನ ಚೆನ್ನಾಗಿರುತ್ತದೆ. ಅದಕ್ಕಿಂತ ಹೆಚ್ಚು ದಿನ ಬೇಕಿದ್ದರೆ ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಡಿ, ಆದರೆ ನಾಲ್ಕೈದು ದಿನದಲ್ಲಿ ಮುಗಿಸಿ.

5. ಹೊರಗೆ ಇರಬೇಕಾದವು

ಟೊಮೆಟೊ ಇನ್ನೂ ಗಟ್ಟಿಯಾಗಿದ್ದರೆ ಫ್ರಿಜ್‌ಗೆ ಹಾಕಲೇಬೇಡಿ. ಚಳಿಯಲ್ಲಿ ಅದು ಸರಿಯಾಗಿ ಹಣ್ಣಾಗುವುದಿಲ್ಲ, ರುಚಿಯೂ ಹೋಗುತ್ತದೆ. ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ, ತೊಟ್ಟಿನ ಭಾಗ ಕೆಳಗೆ ಮಾಡಿ ಜೋಡಿಸಿ. ತೊಟ್ಟಿನ ಗಾಯದಿಂದಲೇ ಅದರ ನೀರು ಹೆಚ್ಚು ಹೊರಹೋಗುವುದು. ಪೂರ್ತಿ ಹಣ್ಣಾಗಿ ಇನ್ನು ಎರಡು ದಿನ ತಡೆಯಲಾರದು ಅನಿಸಿದಾಗ ಫ್ರಿಜ್‌ಗೆ ಸೇರಿಸಿ. ಸಾರಿಗೆ ಅಷ್ಟು ಸಾಕು.

ಆಲೂಗಡ್ಡೆ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಾ ಅನಿಸಬಹುದು. ಆದರೂ ಹೇಳುತ್ತೇನೆ. ಹಾಸನದ ಆಲೂಗಡ್ಡೆ ಮುಂಗಾರಿನ ಬೆಳೆ. ಮೇ, ಜೂನ್‌ನಲ್ಲಿ ಬಿತ್ತಿ, ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಒದ್ದೆ ನೆಲದಿಂದಲೇ ಅಗೆಯುತ್ತಾರೆ. ಹೊಸ ಗೆಡ್ಡೆಯ ಸಿಪ್ಪೆ ತೆಳು, ಹೆಬ್ಬೆರಳಿನಿಂದ ಉಜ್ಜಿದರೆ ಸುಲಿದು ಬರುತ್ತದೆ. ಇದನ್ನು ಚಳಿಗಾಲದ ಒಣ ಗೆಡ್ಡೆಯಂತೆ ತಿಂಗಳುಗಟ್ಟಲೆ ಇಡಲಾಗದು. ಹಾಗಾಗಿ ಆಗಸ್ಟ್‌ನಲ್ಲಿ ಹತ್ತು ಕೆಜಿ ಅಗ್ಗಕ್ಕೆ ಸಿಕ್ಕಿತು ಎಂದು ಚೀಲ ತರಬೇಡಿ, ಎರಡು ವಾರಕ್ಕೆ ಆಗುವಷ್ಟು ಸಾಕು. ತಂದದ್ದನ್ನು ಒಂದು ದಿನ ನೆರಳಿನಲ್ಲಿ ಹರಡಿ ಆರಿಸಿ, ಅಂಟಿದ ಮಣ್ಣು ಒಣಗಿದ ಮೇಲೆ ಕೈಯಲ್ಲಿ ಉದುರಿಸಿ, ಬುಟ್ಟಿಗೆ ಹಾಕಿ ಕತ್ತಲಿರುವ ಕಡೆ ಇಡಿ. ಪ್ಲಾಸ್ಟಿಕ್ ಡಬ್ಬಿ ಬೇಡ.

ಬೆಳಕು ಬಿದ್ದರೆ ಆಲೂಗಡ್ಡೆ ಹಸಿರಾಗುತ್ತದೆ. ಆ ಹಸಿರಿನ ಜೊತೆಗೇ ಸೊಲಾನಿನ್ ಎಂಬ ಕಹಿ ವಿಷ ಬೆಳೆಯುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಸಣ್ಣ ಹಸಿರು ಕಲೆ, ಮೊಳಕೆ ಇದ್ದರೆ ಆಳವಾಗಿ ಕೆತ್ತಿ ತೆಗೆಯಿರಿ. ಅರ್ಧಕ್ಕರ್ಧ ಹಸಿರಾಗಿದ್ದರೆ ಎಸೆಯಿರಿ. ಫ್ರಿಜ್‌ನಲ್ಲಿಟ್ಟರೆ ಇನ್ನೊಂದು ತೊಂದರೆ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಪಲ್ಯ ಸಿಹಿಯಾಗುತ್ತದೆ, ಹುರಿದರೆ ಬೇಯುವ ಮೊದಲೇ ಕಪ್ಪಾಗುತ್ತದೆ.

ಈರುಳ್ಳಿಯನ್ನು ಇದರ ಬುಟ್ಟಿಯಲ್ಲೇ ಹಾಕುವುದು ಎಲ್ಲರ ಮನೆಯ ಅಭ್ಯಾಸ. ಬಿಡಿ ಅದನ್ನು. ಆಲೂಗಡ್ಡೆ ಬಿಡುವ ತೇವಕ್ಕೆ ಈರುಳ್ಳಿ ಮೆತ್ತಗಾಗಿ ಮೊಳೆಯುತ್ತದೆ. ಈರುಳ್ಳಿಗೆ ಒಣ ಗಾಳಿ ಬೇಕು. ಹಳೇ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಜೋತು ಬಿಡುತ್ತಿದ್ದರಲ್ಲ, ಅದು ಸರಿಯಾದ ಜಾಗ. ಗ್ಯಾಸ್ ಒಲೆಯ ಮನೆಯಲ್ಲಿ ಕಿಟಕಿಯ ಹತ್ತಿರ, ಮಳೆ ಎರಚಲು ಬೀಳದ ಕಡೆ ಬಲೆಚೀಲದಲ್ಲಿ ತೂಗುಹಾಕಿ. ಇಡೀ ಸಿಹಿಗುಂಬಳ, ಬೂದುಗುಂಬಳ, ಸಾಂಬಾರು ಸೌತೆಗೂ ತಣ್ಣನೆ ಒಣ ಮೂಲೆಯೇ ಸರಿ. ಕತ್ತರಿಸಿದ ಮೇಲೆ ಮಾತ್ರ ಬೀಜ, ತಿರುಳು ತೆಗೆದು ಮುಚ್ಚಿ ಫ್ರಿಜ್‌ಗೆ.

6. ಹಣ್ಣು ಸೊಪ್ಪಿನ ಪಕ್ಕ ಬೇಡ

ಬಾಳೆ, ಮಾವು, ಪರಂಗಿ, ಸೇಬು, ಬೆಣ್ಣೆಹಣ್ಣು, ಟೊಮೆಟೊ ಇವೆಲ್ಲ ಮಾಗುವಾಗ ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಇದು ಹಣ್ಣನ್ನು ಮಾಗಿಸುವ ಅನಿಲ. ಸೊಪ್ಪಿಗೆ ತಗುಲಿದರೆ ಹಳದಿಯಾಗುತ್ತದೆ, ಸೌತೆಕಾಯಿ ಬೇಗ ಹಳದಿಯಾಗಿ ಮೆತ್ತಗಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಫ್ರಿಜ್‌ನ ಡ್ರಾಯರಿನಲ್ಲಿ ಸೇಬಿನ ಜೊತೆ ಸೊಪ್ಪು ಇಟ್ಟವರಿಗೆ ಇದು ಗೊತ್ತಿರುತ್ತದೆ, ಕಾರಣ ಗೊತ್ತಿರುವುದಿಲ್ಲ ಅಷ್ಟೇ.

ಇದೇ ಅನಿಲ ನಮ್ಮ ಕೆಲಸಕ್ಕೂ ಬರುತ್ತದೆ. ಚಿಕ್ಕಮಗಳೂರಿನ ತೋಟಗಳಿಂದ ಬರುವ ಬೆಣ್ಣೆಹಣ್ಣು ಕಲ್ಲಿನಂತೆ ಗಟ್ಟಿ ಇರುತ್ತದೆ, ಅದು ಮರದಲ್ಲಿ ಮಾಗುವ ಹಣ್ಣಲ್ಲ. ಒಂದು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಹಾಕಿ ಬಾಯಿ ಮಡಚಿ ಇಡಿ. ಎರಡರಿಂದ ನಾಲ್ಕು ದಿನದಲ್ಲಿ ತೊಟ್ಟಿನ ಹತ್ತಿರ ಅದುಮಿದರೆ ಮೆತ್ತಗೆ ಸಿಗುತ್ತದೆ. ಆಮೇಲೆ ಫ್ರಿಜ್‌ಗೆ ಹಾಕಿದರೆ ಇನ್ನೆರಡು ಮೂರು ದಿನ ತಡೆಯುತ್ತದೆ. ಗಟ್ಟಿ ಇರುವಾಗಲೇ ಫ್ರಿಜ್‌ಗೆ ಹಾಕಿದರೆ ಸರಿಯಾಗಿ ಮಾಗದೆ ಒಳಗೆ ಕಪ್ಪಾಗಬಹುದು. ಮಾವಿಗೂ ಇದೇ ಲೆಕ್ಕ.

ಬಾಳೆಚಿಪ್ಪನ್ನು ತೂಗುಹಾಕಿ. ಫ್ರಿಜ್‌ನಲ್ಲಿ ಸಿಪ್ಪೆ ಕಪ್ಪಾಗುತ್ತದೆ. ಹಣ್ಣಾದ ಮೇಲೆ ಇಟ್ಟದ್ದಾದರೆ ಒಳಗಿನ ತಿರುಳು ಚೆನ್ನಾಗಿಯೇ ಇರುತ್ತದೆ, ಗಾಬರಿಯಾಗಬೇಡಿ. ಕಿತ್ತಳೆ, ಮೂಸಂಬಿ ಹೊರಗೆ ಒಂದು ವಾರ, ಫ್ರಿಜ್‌ನಲ್ಲಿ ಎರಡು ವಾರಕ್ಕೂ ಹೆಚ್ಚು. ದ್ರಾಕ್ಷಿಯ ಮೇಲಿನ ಬಿಳಿ ಪುಡಿಯೆಲ್ಲ ಔಷಧಿಯಲ್ಲ. ಹಣ್ಣು ತಾನೇ ಬಿಡುವ ಮೇಣವೂ ಹಾಗೇ ಕಾಣುತ್ತದೆ. ಅದು ಹಣ್ಣನ್ನು ಒಣಗದಂತೆ ಕಾಯುತ್ತದೆ, ಅದಕ್ಕೇ ತೊಳೆಯದೆ ಇಡಬೇಕು, ತಿನ್ನುವಾಗ ತೊಳೆಯಬೇಕು.

7. ಬಳಸುವ ಹೊತ್ತಿನ ತೊಳೆತ

ಹೆಚ್ಚುವ ಮೊದಲು ತೊಳೆಯಿರಿ, ಹೆಚ್ಚಿದ ಮೇಲಲ್ಲ. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯುವುದೇ ಮುಖ್ಯ, ಸುಮ್ನೆ ನೆನೆಸಿಟ್ಟರೆ ಅಷ್ಟು ಪ್ರಯೋಜನವಿಲ್ಲ. ಸಿಪ್ಪೆ ಸುಲಿಯುವ ಹಣ್ಣನ್ನೂ ತೊಳೆಯಿರಿ, ಇಲ್ಲದಿದ್ದರೆ ಚಾಕು ಹೊರಗಿನ ಕೊಳೆಯನ್ನು ಒಳಗೆ ಒಯ್ಯುತ್ತದೆ. ಬಿಸಿಲಲ್ಲಿ ಬೆಚ್ಚಗಾಗಿದ್ದ ಟೊಮೆಟೊವನ್ನು ತೀರಾ ತಣ್ಣೀರಿನಲ್ಲಿ ಮುಳುಗಿಸಬೇಡಿ. ಹಣ್ಣು ಒಳಗೆ ಕುಗ್ಗಿ, ತೊಟ್ಟಿನ ಗಾಯದ ಮೂಲಕ ಆ ಕೊಳೆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಸೋಪು, ಪಾತ್ರೆ ತೊಳೆಯುವ ದ್ರವ ಯಾವುದೂ ಬೇಡ. ಸಿಪ್ಪೆ ಅದನ್ನು ಹೀರುತ್ತದೆ. ಅಡುಗೆ ಸೋಡಾ ಕೆಲಸ ಮಾಡುತ್ತದಾ ಎಂದು ಕೇಳುತ್ತಾರೆ. 2017ರಲ್ಲಿ ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಪ್ರಯೋಗ ಮಾಡಿದ್ದರು. ನೂರಕ್ಕೆ 1ರಷ್ಟು ಸೋಡಾ ಇದ್ದ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ, ಪ್ರಯೋಗಕ್ಕೆ ಬಳಸಿದ ಒಂದು ಕೀಟನಾಶಕ, ಒಂದು ಶಿಲೀಂಧ್ರನಾಶಕ ಎರಡೂ ಸಿಪ್ಪೆಯ ಮೇಲಿಂದ ಹೋದವು. ಸಿಪ್ಪೆಯೊಳಗೆ ಇಳಿದದ್ದು ಮಾತ್ರ ಪೂರ್ತಿ ಹೋಗಲಿಲ್ಲ. ಮನೆಯಲ್ಲಿ ಮಾಡುವುದಾದರೆ 1 ಲೀಟರ್ ನೀರಿಗೆ 2 ಟೀ ಚಮಚ ಸೋಡಾ, ಕಾಲು ಗಂಟೆ, ಆಮೇಲೆ ಬರೀ ನೀರಿನಲ್ಲಿ ತೊಳೆತ. ದ್ರಾಕ್ಷಿ, ಸೇಬಿಗೆ ನಾನು ಇದನ್ನು ಮಾಡುತ್ತೇನೆ. ಸೊಪ್ಪಿಗೆ ಮಾಡುವುದಿಲ್ಲ, ಎಲೆ ಸೊರಗುತ್ತದೆ.

ಹೂಕೋಸಿನ ಹುಳಕ್ಕೆ ಉಪ್ಪುನೀರೇ ಸರಿ. ಹೂ ಬಿಡಿಸಿ, ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಹತ್ತು ನಿಮಿಷ ಮುಳುಗಿಸಿದರೆ ಹುಳ ಮೇಲೆ ತೇಲುತ್ತದೆ. ಎಲೆಕೋಸಿನ ಹೊರಗಿನ ಎರಡು ಪದರ ತೆಗೆದು ಹಾಕಿ.

8. ಮೂರನೇ ದಿನ, ಮತ್ತೆ ಕರೆಂಟ್ ಹೋದ ದಿನ

ನಮ್ಮ ಚೀಲಕ್ಕೆ ವಾರದ ನಡುವೆ ಒಂದು ಸುತ್ತು ಬೇಕು. ಮೂರನೇ ದಿನ ಡಬ್ಬಿಯ ಬಟ್ಟೆ ಬದಲಾಯಿಸಿ, ಬುಟ್ಟಿಯ ಆಲೂಗಡ್ಡೆಯನ್ನು ಒಮ್ಮೆ ಮೇಲೆ ಕೆಳಗೆ ಮಾಡಿ. ಒಂದು ಗೆಡ್ಡೆ ಕೊಳೆತಿದ್ದರೆ ಕಣ್ಣಿಗಿಂತ ಮೂಗಿಗೆ ಮೊದಲು ಗೊತ್ತಾಗುತ್ತದೆ. ಅದನ್ನು ತೆಗೆದು, ಅದಕ್ಕೆ ತಾಗಿದ್ದ ಗೆಡ್ಡೆಗಳನ್ನು ಒರೆಸಿ ಅವತ್ತೇ ಬಳಸಿ. ಅಡುಗೆಯ ಕ್ರಮ ಹೀಗೆ ಬರುತ್ತದೆ: ಮೊದಲು ದಂಟಿನ ಸೊಪ್ಪು ಮತ್ತು ಒಡೆದ ಟೊಮೆಟೊ, ಆಮೇಲೆ ಬದನೆ, ನಾಲ್ಕೈದನೇ ದಿನ ಬೀನ್ಸ್, ಕೊನೆಗೆ ಆಲೂಗಡ್ಡೆ. ಕೊತ್ತಂಬರಿ ಎಲ್ಲದರ ಮೇಲೂ.

ಮಲೆನಾಡಿನ ಕಡೆ ಮಳೆಗಾಲದಲ್ಲಿ ಮರ ಬಿದ್ದು ಒಂದೊಂದು ದಿನ ಕರೆಂಟೇ ಇರುವುದಿಲ್ಲ. ಬಾಗಿಲು ತೆರೆಯದೆ ಇದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಅದಾದ ಮೇಲೆ ಇಡೀ ತರಕಾರಿಗೆ ದೊಡ್ಡ ತೊಂದರೆಯಿಲ್ಲ, ಆದರೆ ಹೆಚ್ಚಿಟ್ಟ ಹಣ್ಣು, ತುರಿದ ಕಾಯಿ, ಕತ್ತರಿಸಿದ ಕುಂಬಳವನ್ನು ಮಾರನೇ ದಿನಕ್ಕೆ ಉಳಿಸಬೇಡಿ. ಕರೆಂಟ್ ಬಂದ ಮೇಲೆ ಸೊಪ್ಪಿನ ಡಬ್ಬಿ ತೆರೆದು ನೋಡಿ. ಮುಚ್ಚಳದ ಒಳಗೆ ಹನಿ ಕಟ್ಟಿರುತ್ತದೆ, ಒರೆಸಿ, ಬಟ್ಟೆ ಬದಲಿಸಿ ಮುಚ್ಚಿ.